ದರ ಇಳಿಯುವ ವರ್ಷ

ರಾಯಚೂರಿನ ಹತ್ತಿ ವ್ಯಾಪಾರಿ ಸುಶಮೀಂದ್ರಾಚಾರ್ಯರಿಗೆ ಒಂದೇ ನಂಬಿಕೆ: ಏರಿದ ದರ ಇಳಿದೇ ಇಳಿಯುತ್ತದೆ. ಹೋದ ವರ್ಷ ದೇವದುರ್ಗ, ಮಾನ್ವಿ ಕಡೆ ಹುಳು ಬೆಳೆ ತಿಂದು ದರ ಏರಿದಾಗ, ಇದ್ದ ಹತ್ತಿಯನ್ನೆಲ್ಲ ಮಾರಿ ಗೋದಾಮು ಖಾಲಿ ಮಾಡಿ ಕುಳಿತರು. ದರ ಏರುತ್ತಲೇ ಹೋಯಿತು.

"ಮಾಲೇ ಇಲ್ಲಂದ್ರ ಯಾಕ ಇಳೀತದ್ರೀ? ಏರೋತನಕ ಇಟ್ಕೊಂಡು, ತಿರುಗಿದ ಮ್ಯಾಲ ಮಾರಬೇಕು," ಎಂದರು ಪಕ್ಕದ ಅಂಗಡಿಯ ಮುಷರ್ರಫ್ ಸಾಹೇಬರು.

ಆಚಾರ್ಯರು ನಂಬಿಕೆ ಬದಲಿಸಿದರು.

ಈ ವರ್ಷ ಬೆಳೆ ಭರ್ತಿಯಾಗಿತ್ತು. ಮಳೆಗೆ ಪೋತ್ನಾಳದ ರಸ್ತೆ ಕೆಟ್ಟು, ಹತ್ತಿ ಗಾಡಿಗಳು ನಿಂತು ದರ ಏರಿತು. ಇನ್ನೂ ಏರುತ್ತದೆಂದು ಆಚಾರ್ಯರು ಗೋದಾಮು ತುಂಬಿಸಿದರು. ಮಳೆ ನಿಂತಿತು, ಗಾಡಿಗಳು ಸಾಲುಗಟ್ಟಿ ಬಂದವು, ದರ ತನ್ನ ಹಳೆಯ ಜಾಗದಲ್ಲಿ ಬಂದು ಕುಳಿತಿತು.

"ನೀವು ಹೇಳಿದಂಗ ಮಾಡಿದ್ನಲ್ರೀ!" ಎಂದರು ಆಚಾರ್ಯರು, ಸಾಹೇಬರ ಅಂಗಡಿಗೆ ಬಂದು.

"ಆವಾಗ ಹೋಗಿದ್ದು ಬೆಳಿ. ಈಗ ಹೋಗಿದ್ದು ಬರೀ ರಸ್ತೆ."

"ಹಂಗಾರ ಮುಂದಿನ ವರ್ಷ ಯಾವ ನಂಬಿಕಿ ಇಟ್ಕೊಳ್ಳಲ್ರೀ?"

"ನಂಬಿಕಿ ಮಠದಾಗ ಇರ್ಲಿ. ನೀವು ಹೊಲಕ್ಕ ಹೋಗಿ ನೋಡ್ಕೊಂಡು ಬರ್ರಿ."