ಆಗ್ತದ ಅಂದ ತಾರೀಖು

ಅಮರಗೋಳದ ಕೋಲ್ಡ್ ಸ್ಟೋರೇಜಿನ ಮೆಟ್ಟಿಲ ಮೇಲೆಯೇ ಆಶಿಷ್ ಆ ಕಾಗದವನ್ನು ಋತುಜಾಳ ಕೈಗಿಟ್ಟ.

"ಮೀಟಿಂಗಿನಾಗ ಇದನ್ನ ಓದಿಬಿಡು. ಹೆಚ್ಚಿಗಿ ಮಾತಾಡಬ್ಯಾಡ," ಎಂದ.

ಆಶಿಷ್ ಕಂಪನಿಯ ಮಾಲೀಕ. ಹುಬ್ಬಳ್ಳಿಯಲ್ಲಿ ಏಳು ಜನರ ಸಾಫ್ಟ್‌ವೇರ್ ಕಂಪನಿ ಅದು. ಋತುಜಾ ಅಲ್ಲಿ ಟೀಮ್ ಲೀಡ್. ರೈತರ ಮೆಣಸಿನಕಾಯಿ ಚೀಲಗಳನ್ನು ಇಟ್ಟುಕೊಳ್ಳುವ ಈ ಕೋಲ್ಡ್ ಸ್ಟೋರೇಜಿಗೆ ಅವರು ಒಂದು ಸಾಫ್ಟ್‌ವೇರ್ ಮಾಡಿಕೊಡಬೇಕಿತ್ತು. ಗೇಟಿನೊಳಗೆ ಬಂದ ಚೀಲ ಯಾರದು, ಯಾವ ಕೋಣೆಗೆ ಹೋಯಿತು, ಮರಳಿ ಯಾರಿಗೆ ಕೊಡಬೇಕು, ಎಲ್ಲವೂ ಅದರಲ್ಲಿರಬೇಕು. ಫೆಬ್ರವರಿ ಒಂದಕ್ಕೆ ಶುರು ಎಂದು ಮಾತಾಗಿತ್ತು. ಇವತ್ತು ನಾಲ್ಕು. ಇನ್ನೂ ಶುರುವಾಗಿಲ್ಲ.

ಋತುಜಾ ಕಾಗದ ಓದಿದಳು. "ಟೆಸ್ಟಿಂಗ್ ಸಿಬ್ಬಂದಿಯೊಬ್ಬರು ಅನಿರೀಕ್ಷಿತವಾಗಿ ರಜೆಯ ಮೇಲೆ ತೆರಳಿದ ಕಾರಣ ವಿಳಂಬವಾಗಿದ್ದು, ಸದರಿ ಸಿಬ್ಬಂದಿಯನ್ನು ಈ ಪ್ರಾಜೆಕ್ಟಿನಿಂದ ತೆಗೆಯಲಾಗಿದೆ. ಉಂಟಾಗಿರಬಹುದಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ಅವಳ ಮೈಯೆಲ್ಲ ಉರಿದುಹೋಯಿತು. ಉಂಟಾಗಿರಬಹುದಾದ ಅನಾನುಕೂಲವಂತೆ! ಹೊರಗೆ ರಸ್ತೆಯುದ್ದಕ್ಕೂ ಟ್ರ್ಯಾಕ್ಟರುಗಳು ನಿಂತಿವೆ, ಕಣ್ಣಿಗೆ ಕಾಣುವುದಿಲ್ಲವೇ? ಇನ್ನು ಆ ಸದರಿ ಸಿಬ್ಬಂದಿ ಎಂದರೆ ಅಬೀದಾ. ಬೇರೆ ಯಾರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ಅಬೀದಾನ್ನ ತೆಗದದ್ದು ಯಾವಾಗ್ರಿ?"

"ತೆಗೀತೇವಿ. ಇವತ್ತ ಹೇಳಿದ್ರಾತು. ಏನರೆ ಒಂದು ಕಾರಣ ಬೇಕಲ್ಲ ಅವರಿಗೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ಇದು. ನಡುವೆ ಒಂದು ಬಡಪಾಯಿ ಹುಡುಗಿ ಸತ್ತರೆ ನಡೆಯುತ್ತದೆ.

ಕೆಲಸ ನಿಂತದ್ದು ಅಬೀದಾಳಿಂದಲೇ, ಅದು ನಿಜ. ಜನವರಿ ಹದಿನೆಂಟರಂದು ಆಕೆ ಗೇಟಿಗೆ ಬಂದು, ಗುಮಾಸ್ತ ಪರಮೇಶನ ಪಕ್ಕ ದಿನವಿಡೀ ಕೂತು, ಬರುವ ಚೀಲಗಳನ್ನೆಲ್ಲ ಹೊಸ ಸಾಫ್ಟ್‌ವೇರಿನಲ್ಲಿ ಬರೆದು ನೋಡಿದ್ದಳು. ರೈತನ ಗುರುತಿಗೆ ಇವರು ಮೊಬೈಲ್ ನಂಬರನ್ನು ಹಿಡಿದಿದ್ದರು. ಆಫೀಸಿನಲ್ಲಿ ಕೂತವರಿಗೆ ಮನುಷ್ಯನಿಗೊಂದು ನಂಬರು ಇದ್ದೇ ಇರುತ್ತದೆ. ಆದರೆ ಕುಂದಗೋಳ ಕಡೆಯಿಂದ ಬಂದ ಒಂದು ಗಾಡಿಯಲ್ಲಿ ಹನ್ನೊಂದು ಜನರ ಚೀಲಗಳಿದ್ದವು, ಹನ್ನೊಂದಕ್ಕೂ ಹೇಳಿದ್ದು ಡ್ರೈವರನ ನಂಬರು. ಊರಲ್ಲಿ ಅದೇ ರೂಢಿ. ಗಾಡಿ ಯಾರದೋ ಫೋನೂ ಅವರದೇ. ಹನ್ನೊಂದು ಮನೆಯ ಚೀಲಗಳು ಒಬ್ಬನ ಹೆಸರಿಗೆ ಹೋಗಿ ಬಿದ್ದವು. ಅಬೀದಾ ಸಂಜೆ ಫೋನು ಮಾಡಿ, "ಅಕ್ಕಾರ, ಹಿಂಗ ಶುರು ಮಾಡಿದ್ರ ಮಂದಿ ಬಡದಾಡಿ ಸಾಯ್ತಾರ. ನಾ ಪಾಸ್ ಮಾಡಂಗಿಲ್ರಿ," ಎಂದಿದ್ದಳು. ಗೇಟಿನಲ್ಲಿ ರೈತನಿಗೆ ಬರೆದುಕೊಡುವ ಪ್ರತಿ ಚೀಟಿಗೂ ಬೇರೆ ನಂಬರು ಕೊಟ್ಟು ಎಲ್ಲವನ್ನೂ ಮತ್ತೆ ಕಟ್ಟಬೇಕಾಯಿತು. ಆಕೆ ಎರಡು ದಿನ ರಜೆ ಹಾಕಿದ್ದೂ ನಿಜ. ಅದು ಇಪ್ಪತ್ತೇಳು, ಇಪ್ಪತ್ತೆಂಟರಂದು. ಅಷ್ಟರಲ್ಲಿ ಒಂದನೇ ತಾರೀಖು ಕೈಬಿಟ್ಟು ಒಂಬತ್ತು ದಿನವಾಗಿತ್ತು.

ಕೈಬಿಟ್ಟಿದ್ದನ್ನು ಗಿರಾಕಿಗೆ ಮಾತ್ರ ಯಾರೂ ಹೇಳಲಿಲ್ಲ. "ಹಿರೇರವರು. ಮಾರಿ ಮುಂದ ಆಗಂಗಿಲ್ಲ ಅಂತ ಹೆಂಗ ಹೇಳೂದು? ಆಗ್ತದರಿ ಅನ್ನು, ಮುಂದ ನೋಡೋಣು," ಎಂದಿದ್ದ ಆಶಿಷ್. ಇಪ್ಪತ್ನಾಲ್ಕರ ಮೀಟಿಂಗಿನಲ್ಲಿ ಕೋಲ್ಡ್ ಸ್ಟೋರೇಜಿನ ಮಾಲೀಕರು ಎದುರಿಗೇ ಕೇಳಿದಾಗ, "ಆಗ್ತದರಿ" ಎಂದವಳು ಋತುಜಾ.

ಮಾಲೀಕ ಮೈಲಾರಲಿಂಗಪ್ಪನವರು ಮೇಜಿನ ಆಚೆ ಕೂತಿದ್ದರು. ಚಹಾ ಬರಲಿಲ್ಲ. ಈ ಆಫೀಸಿನಲ್ಲಿ ಚಹಾ ಬರದಿದ್ದರೆ ಆ ದಿನದ ಹವಾ ತಿಳಿದುಕೊಳ್ಳಬೇಕು.

"ಹೇಳ್ರಿ," ಎಂದರು.

ಋತುಜಾ ಕಾಗದವನ್ನು ಮಡಿಸಿ ಪರ್ಸಿನೊಳಗೆ ಹಾಕಿದಳು. ಆಶಿಷ್ ಕೆಮ್ಮಿದ. ಕೆಮ್ಮಲಿ.

"ಸಾವ್ಕಾರ್ರ, ಒಂದನೇ ತಾರೀಖಿಗೆ ಕೊಡ್ತೇವಿ ಅಂದಿದ್ವಿ, ಕೊಡಲಿಲ್ಲ. ತಪ್ಪು ನಮ್ಮದರಿ. ರೈತರ ಗುರುತಿಗೆ ಫೋನ್ ನಂಬರ್ ಹಿಡದಿದ್ವಿ. ಒಂದ ನಂಬರ್ ಹತ್ತು ಮಂದಿ ಹೇಳ್ತಾರ ಅನ್ನೂದು ಗೇಟಿಗೆ ಬಂದು ನೋಡಿದ್ರ ಮದಲ ತಿಳೀತಿತ್ತು. ನಾವು ಬಂದು ನೋಡಲಿಲ್ಲ. ಅಬೀದಾ ಅಂತ ನಮ್ಮ ಹುಡುಗಿ ಬಂದು ನೋಡಿ, ತಪ್ಪು ಹಿಡದು, ಕೆಲಸ ನಿಲ್ಲಿಸಿದ್ಲು. ನಿಲ್ಲಿಸಿದ್ದು ಛಲೋನ ಆತು. ಆದ್ರ ಅದು ಹದಿನೆಂಟನೇ ತಾರೀಖು. ನನಗ ಅವತ್ತ ಗೊತ್ತಾಗಿತ್ತು. ಇಪ್ಪತ್ನಾಕಕ್ಕ ನೀವು ಕೇಳಿದಾಗ ನಾ ಆಗ್ತದ ಅಂದೆ. ಅದು ಸುಳ್ಳರಿ. ನಿಮ್ಮ ಗೇಟಿನಾಗ ಮೂರು ದಿನ ಗಾಡಿ ನಿಂತದ್ದು ಆ ಸುಳ್ಳಿನಿಂದ. ತಪ್ಪಾತು. ಇನ್ನ ಒಂಬತ್ತಕ್ಕ ಶುರು ಮಾಡ್ತೇವಿ. ಅಲ್ಲೀತನಾ ನಮ್ಮ ಇಬ್ಬರು ದಿನಾ ಇಲ್ಲೆ ಗೇಟಿನಾಗ ಕೂತು ಚೀಟಿ ಬರೀತಾರ."

ಮೈಲಾರಲಿಂಗಪ್ಪನವರು ಕರಗಲಿಲ್ಲ.

"ಹದಿನೆಂಟಕ್ಕ ಹೇಳಿದ್ರ ನಾ ಹಳೇ ಚೀಟಿ ಪುಸ್ತಕ ಛಾಪಿಸಿ ಇಟ್ಕೋತಿದ್ದೆ. ನಿಮ್ಮ ಮಾತು ನಂಬಿ ಒಂದೂ ಛಾಪಿಸಲಿಲ್ಲ. ಪರಮೇಶ ಮೂರು ದಿನದಿಂದ ಸಾಲಿ ಹುಡುಗರ ನೋಟಬುಕ್ಕಿನಾಗ ಬರಿಯಾಕತ್ತಾನ. ಆಗಂಗಿಲ್ಲ ಅಂದ್ರ ನಾ ನಿಮ್ಮನ್ನ ನುಂಗ್ತಿದ್ನೇನು?"

"ಖರೇ ಅಂದ್ರ, ಸಾವ್ಕಾರ್ರ," ಆಶಿಷ್ ನಡುವೆ ಬಾಯಿ ಹಾಕಿದ, "ಆ ಟೆಸ್ಟಿಂಗ್ ಹುಡುಗಿ ರಜಾ ಹಾಕಿದ್ಲು, ಅದಕ್ಕ. ಆಕಿನ್ನ ಈಗ ತೆಗದು..."

ಇಷ್ಟು ಹೇಳಿದ ಮೇಲೂ! ಋತುಜಾಳಿಗೆ ಅವನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು.

"ಯಾವಾಕಿ?" ಎಂದರು ಮೈಲಾರಲಿಂಗಪ್ಪನವರು. "ಮುಂಜಾನಿಂದ ಪರಮೇಶನ ಬಾಜೂ ಕೂತು ಬರಿಯಾಕತ್ತಾಳಲ್ಲ, ಅಕೀನ? ಕರೀರಿ ಆಕಿನ್ನ."

ಅಬೀದಾ ಬಂದಳು. ಕೈಯ ತುಂಬ ಮೆಣಸಿನಕಾಯಿ ಧೂಳು, ಕಣ್ಣು ಕೆಂಪಗಾಗಿದ್ದವು. ಬಾಗಿಲಲ್ಲೇ ನಿಂತಳು.

"ರಜಾ ಹಾಕಿದ್ದೇನವಾ?"

"ಎರಡು ದಿನ್ರಿ. ನಮ್ಮಕ್ಕ ದಾವಲಬಿಯದು ಹೆರಿಗಿ ಇತ್ರಿ."

"ಕೆಲಸ ನಿಲ್ಲಿಸಿದ್ದು ಯಾವಾಗ?"

"ಅದಕ್ಕೂ ಮದಲ್ರಿ. ಹದಿನೆಂಟಕ್ಕ."

ಮೈಲಾರಲಿಂಗಪ್ಪನವರು ಆಶಿಷನ ಕಡೆ ಒಮ್ಮೆ ನೋಡಿದರು. ಆತ ಮೊಬೈಲು ತೆಗೆದು ಏನನ್ನೋ ಹುಡುಕತೊಡಗಿದ. ಅಷ್ಟು ದಿನಗಳ ನಂತರ ಋತುಜಾಳಿಗೆ ಉಸಿರು ಸಲೀಸಾಗಿ ಬಂತು. ಸತ್ಯ ಹೇಳಿದೆ, ಹುಡುಗಿಯನ್ನು ಉಳಿಸಿದೆ ಎಂದು ಒಳಗೊಳಗೇ ಬೀಗಿದಳು ಕೂಡ.

"ಈ ಮೇಡಮ್ಮರು ಒಂಬತ್ತಕ್ಕ ಶುರು ಅಂತಾರ. ಆಗ್ತದೇನು?"

ಅಬೀದಾ ಋತುಜಾಳ ಮುಖ ನೋಡಿದಳು.

"ಅವರ ಮಾರಿ ಯಾಕ ನೋಡ್ತಿ? ನನಗ ಹೇಳು."

ಅಬೀದಾ ತಲೆ ತಗ್ಗಿಸಿದಳು. "ಆಗಂಗಿಲ್ರಿ. ಚೀಲ ಒಳಗ ತೊಗೊಳ್ಳೂದು ಸರಿ ಆಗೇದ. ಮರಳಿ ಕೊಡೂದನ್ನ ಇನ್ನಾ ನೋಡೇ ಇಲ್ರಿ. ಹನ್ನೆರಡಕ್ಕ ಆಗ್ತದ."

ಋತುಜಾಳ ಕಿವಿ ಬಿಸಿಯಾದವು. ಒಂಬತ್ತು ಎನ್ನುವುದು ಎಲ್ಲಿಂದ ಬಂತು? ಹತ್ತು ಅಂದರೆ ಬಹಳವಾಯಿತು, ಎಂಟು ಅಂದರೆ ಸಾಲದು ಎಂದು ದಾರಿಯಲ್ಲಿ ಕಾರಿನಲ್ಲಿ ಕೂತು ತಾನೇ ಎಣಿಸಿದ್ದು. ನಿನ್ನೆಯೆಲ್ಲ ಅಬೀದಾ ಎದುರಿನ ಕುರ್ಚಿಯಲ್ಲೇ ಇದ್ದಳು. ಆಕೆಯನ್ನು ಕೇಳಿರಲಿಲ್ಲ. ಒಂದು ಸುಳ್ಳಿಗೆ ಕ್ಷಮೆ ಕೇಳುವ ಉಸಿರಿನಲ್ಲೇ ಮತ್ತೊಂದು ಹೇಳಿದ್ದಳು, ಅದೂ ಹಿರಿಯರ ಮುಖ ನೋಡಿ. ಆಶಿಷನ ಮೇಲಿದ್ದ ಸಿಟ್ಟೆಲ್ಲ ತಿರುಗಿ ತನ್ನ ಮೇಲೆಯೇ ಬಂತು.

"ಈ ಹುಡುಗಿ ಹೇಳಿದ್ದು ನನ್ನ ತಾರೀಖು," ಎಂದರು ಮೈಲಾರಲಿಂಗಪ್ಪನವರು. "ಇನ್ಮ್ಯಾಲ ನೀವಿಬ್ಬರೂ ನನಗ ತಾರೀಖು ಹೇಳಬ್ಯಾಡ್ರಿ. ಆಕಿ ಇದ್ರ ನಿಮ್ಮ ಕೆಲಸ ಇರ್ತದ, ಇಲ್ಲಾಂದ್ರ ಇಲ್ಲ."

ಆಶಿಷ್ ಲಗುಬಗೆಯಿಂದ ತಲೆಯಾಡಿಸಿದ. ಋತುಜಾ ಎದ್ದು ನಿಂತಳು. ಈ ಸಲ ಮೇಜಿನ ಕಡೆಗಲ್ಲ, ಬಾಗಿಲ ಕಡೆಗೆ ತಿರುಗಿ.

"ಅಬೀದಾ, ನಿನ್ನ ಕೇಳದ ಹೇಳಿದೆ. ತಪ್ಪಾತವಾ."

ಅಬೀದಾ ಗಾಬರಿಯಾಗಿ, "ಇರ್ಲಿ ಬಿಡ್ರಿ ಅಕ್ಕಾರ," ಎಂದಳು.

"ಇರ್ಲಿ ಅನ್ನಬ್ಯಾಡ," ಎಂದಳು ಋತುಜಾ.