ಸಾಲ ಕಳೆದ ಲೆಕ್ಕ

ಗಣಿತದ ಮೇಷ್ಟ್ರು ಕಾಲು ಮುರಿದುಕೊಂಡು ಮಲಗಿದಾಗ ಏಳನೇ ತರಗತಿಯ ಲೆಕ್ಕ ಯಾರ ಕೊರಳಿಗೆ ಬೀಳುತ್ತದೋ ಎಂದು ಶಿಕ್ಷಕರ ಕೋಣೆಯಲ್ಲಿ ಎರಡು ದಿನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಬಿದ್ದದ್ದು ಹೊಲಿಗೆ ಟೀಚರ್ ಕೊರಳಿಗೆ. ವಾರದಲ್ಲಿ ಆರು ಪೀರಿಯಡ್ ಬಿಡುವಿದ್ದದ್ದು ಅವರೊಬ್ಬರಿಗೇ.

“ಅಯ್ಯೋ ಮಿಸ್, ನನಗೆ ಲೆಕ್ಕ ಅಂದ್ರೆ ಕಬ್ಬಿಣದ ಕಡಲೆ!” ಎಂದು ಅವರು ಹೆಡ್‌ಮಿಸ್ ಮುಂದೆ ಗೋಗರೆದರು.

“ಒಂದೇ ತಿಂಗಳು ಕಣ್ರೀ. ಪುಸ್ತಕದಲ್ಲಿ ಎಲ್ಲ ಇದೆ,” ಎಂದರು ಹೆಡ್‌ಮಿಸ್. ಇಪ್ಪತ್ತು ವರ್ಷ ಅದೇ ಶಾಲೆಯಲ್ಲಿ ಗಣಿತ ಕಲಿಸಿದ್ದವರು. ಅವರಿಗೆ ಎಲ್ಲವೂ ಸುಲಭ.

ಮೊದಲ ವಾರ ಹೇಗೋ ಕಳೆಯಿತು. ಎರಡನೇ ವಾರ ಋಣ ಸಂಖ್ಯೆಗಳ ವ್ಯವಕಲನ ಬಂತು. ಟೀಚರ್ ಬೋರ್ಡಿನ ಮೇಲೆ 5 − (−3) ಎಂದು ಬರೆದು, ತಾವು ಚಿಕ್ಕಂದಿನಲ್ಲಿ ಉರು ಹೊಡೆದದ್ದನ್ನೇ ಹೇಳಿದರು: “ಮೈನಸ್ ಮೈನಸ್ ಸೇರಿದ್ರೆ ಪ್ಲಸ್. ಉತ್ತರ ಎಂಟು. ಬರ್ಕೊಳ್ಳಿ.”

ಮೂವತ್ತೆರಡು ಪೆನ್ಸಿಲ್‌ಗಳು ಬರೆದುಕೊಂಡವು. ಮೂವತ್ತಮೂರನೆಯದು ಬರೆಯಲಿಲ್ಲ. ಅದು ‘ಯಾಕೆ’ಯದು. ಯಾವ ಮಾತಿಗೂ ಯಾಕೆ ಎನ್ನದೆ ಬಿಡದ ಆ ಹುಡುಗಿಗೆ ತರಗತಿ ಇಟ್ಟ ಹೆಸರೇ ಅದು.

“ಟೀಚರ್, ಕಳೆದ್ರೆ ಕಡಿಮೆ ಆಗ್ಬೇಕಲ್ವಾ? ಐದಿತ್ತು, ಕಳೆದ್ವಿ. ಎಂಟು ಹೇಗಾಯ್ತು?”

“ನಿಯಮ ಹಾಗಿದೆ, ಪುಟ್ಟಿ.”

“ನಿಯಮ ಯಾಕೆ ಹಾಗಿದೆ?”

ಟೀಚರ್ ಪುಸ್ತಕದ ಪುಟ ತಿರುವಿದರು. ಅಷ್ಟರಲ್ಲಿ ಬೆಲ್ ಹೊಡೆಯಿತು. “ನಾಳೆ ಹೇಳ್ತೀನಿ,” ಎಂದು ಸೀಮೆಸುಣ್ಣ ಕೆಳಗಿಟ್ಟರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರಲ್ಲ, ಅವರಿಗೆ ಸಿಕ್ಕಿದ್ದು ಒಂದೇ ದಿನದ್ದು.

ಅಂದು ಸಂಜೆ ಅವರು ಅಕ್ಕನ ಮನೆಗೆ ಹೋಗಬೇಕಿತ್ತು. ಹೊಸ ಹೊಲಿಗೆ ಮಷಿನ್ನಿಗೆಂದು ಅಕ್ಕನಿಂದ ಪಡೆದ ಸಾಲದಲ್ಲಿ ಎರಡು ಸಾವಿರ ಉಳಿದಿತ್ತು. ಪರ್ಸಿನಲ್ಲಿ ಮೂರು ಸಾವಿರ ಇತ್ತು. ಇವತ್ತು ತೀರಿಸಿಬಿಡೋಣ ಎಂದುಕೊಂಡಿದ್ದರು.

ಅಕ್ಕ ಬಾಗಿಲು ತೆರೆದವಳೇ, “ಏನೇ ಇದು, ಮುಖ ಒಳ್ಳೆ ಒಣಗಿದ ಹೀರೆಕಾಯಿ ಆಗಿದೆ?” ಎಂದಳು. ಟೀಚರ್ ನಡೆದದ್ದೆಲ್ಲ ಹೇಳಿದರು. ಲೆಕ್ಕದ ಗೊಡವೆ ಇಲ್ಲದ ಅಕ್ಕ ತರಕಾರಿ ಹೆಚ್ಚುತ್ತಲೇ ಕೇಳಿಸಿಕೊಂಡಳು. ಮಾತು ಮುಗಿದ ಮೇಲೆ ಟೀಚರ್ ನೋಟುಗಳನ್ನು ಎಣಿಸಿ ಮುಂದೆ ಚಾಚಿದರು.

“ಒಳಗಿಡು,” ಎಂದಳು ಅಕ್ಕ.

“ನಿನ್ನ ಸಾಲ ಕಣೇ.”

“ಮನೆ ಪರದೆಗಳನ್ನೆಲ್ಲ ಹೊಲಿದು ಕೊಟ್ಟೆಯಲ್ಲ, ಒಂದು ಕಾಸು ಕೇಳಿದ್ಯಾ? ಆ ಸಾಲ ಹೊಡೆದು ಹಾಕಿದೀನಿ. ಇನ್ನು ಅದರ ಸುದ್ದಿ ಎತ್ತಿದ್ರೆ ನೋಡು!” ಚಾಕು ಹಿಡಿದ ಕೈಯಿಂದಲೇ ಗದರಿಸಿ, ಏನೋ ಹೊಳೆದವಳಂತೆ ನಿಂತಳು. “ಅಲ್ವೇ, ನಿಮ್ಮ ಪುಸ್ತಕದಲ್ಲಿ ಆ ಸಂಖ್ಯೆಗೆ ಏನಂತಾರೆ ಅಂದೆ?”

“ಋಣ ಸಂಖ್ಯೆ.”

“ಋಣ ಅಂದ್ರೆ ಸಾಲ ತಾನೇ?”

ಟೀಚರ್ ಕೈಯಲ್ಲಿನ ನೋಟುಗಳನ್ನೇ ನೋಡುತ್ತ ಕೂತರು. ಎಷ್ಟು ವರ್ಷದಿಂದ ಆಡುತ್ತಿದ್ದ ಶಬ್ದ! ಪರ್ಸಿನಲ್ಲಿ ಮೂರು ಸಾವಿರವಿದ್ದರೂ ಎರಡು ಸಾವಿರ ಅಕ್ಕನದಾಗಿದ್ದರಿಂದ, ಈ ಮನೆಯ ಹೊಸ್ತಿಲು ದಾಟುವಾಗ ತಾವು ಬಾಳುತ್ತಿದ್ದದ್ದು ಒಂದೇ ಸಾವಿರ. ಈಗ ಅಕ್ಕ ಸಾಲ ಕಳೆದಳು. ಈಗ ಮೂರೂ ತಮ್ಮದೇ. ಒಂದರಿಂದ ಋಣ ಎರಡನ್ನು ಕಳೆದರೆ ಮೂರು. ಪರ್ಸಿಗೆ ಹೊಸದಾಗಿ ಒಂದು ನೋಟೂ ಬಂದಿರಲಿಲ್ಲ, ಆದರೂ ಎರಡು ಸಾವಿರ ಏರಿದ್ದರು.

“ಅಕ್ಕಾ, ನೀನು ಗಣಿತದ ಮೇಷ್ಟ್ರಾಗ್ಬೇಕಿತ್ತು!”

“ಆಗಿದ್ರೆ ಈ ಬೆಂಡೆಕಾಯಿ ಯಾರು ಹೆಚ್ಚೋರು?” ಎಂದಳು ಅಕ್ಕ.

ಮರುದಿನ ಟೀಚರ್ ತರಗತಿಯನ್ನು ಉದ್ದದ ವರಾಂಡಕ್ಕೆ ಕರೆತಂದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಡುವೆ ಸೊನ್ನೆ, ಬಲಕ್ಕೆ ಒಂದರಿಂದ ಹತ್ತು, ಎಡಕ್ಕೆ ಋಣ ಒಂದರಿಂದ ಋಣ ಹತ್ತು ಬರೆದರು. ಹೊಲಿಗೆಯವರ ಕೈ ಅಲ್ಲವೇ, ಅಂತರ ಒಂದಿಷ್ಟೂ ಆಚೀಚೆ ಆಗಲಿಲ್ಲ.

“ಒಬ್ಬರ ಹತ್ರ ಇರೋದರಲ್ಲಿ ಸಾಲ ಹೋಗಿ ಎಷ್ಟು ಉಳಿಯುತ್ತೋ, ಅದು ಅವರ ಜಾಗ,” ಎಂದರು. “‘ಯಾಕೆ’, ನಿನ್ನ ಹತ್ರ ಮೂರು ನಾಣ್ಯ ಇದೆ. ಎಲ್ಲಿ ನಿಲ್ತೀಯ?”

ಹುಡುಗಿ ಮೂರರ ಮೇಲೆ ನಿಂತಳು.

“ಈಗ ನಿನ್ನ ತಲೆ ಮೇಲೆ ಎರಡು ನಾಣ್ಯದ ಸಾಲ ಬಿತ್ತು. ಯಾರದೋ ಪೆನ್ಸಿಲ್ ಡಬ್ಬಿ ಒಡೆದೆ ಅಂತಿಟ್ಕೋ.”

“ಒಡೀತಾಳೆ ಟೀಚರ್!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ‘ಯಾಕೆ’ ನಗುತ್ತಲೇ ಎರಡು ಮನೆ ಎಡಕ್ಕೆ ಸರಿದು ಒಂದರ ಮೇಲೆ ನಿಂತಳು.

“ಸಾಲ ಕೂಡಿದ್ರೆ ಎಡಕ್ಕೆ. ಅದೇ ಸಾಲ ಕಳೆದ್ರೆ? ಡಬ್ಬಿಯವಳು ಹೋಗ್ಲಿ ಬಿಡು ಅಂದ್ಲು.”

“ಬಂದ ದಾರೀಲೇ ವಾಪಸ್,” ಎನ್ನುತ್ತ ಹುಡುಗಿ ಬಲಕ್ಕೆ ಎರಡು ಮನೆ ಹೋಗಿ ಮೂರಕ್ಕೆ ಬಂದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಟೀಚರ್ ಹಗುರಾದರು. ಆದರೆ ‘ಯಾಕೆ’ ಗೆರೆಯಿಂದ ಇಳಿಯಲಿಲ್ಲ.

“ಇದು ಸರಿ. ಆದ್ರೆ ನಿನ್ನೆ ಲೆಕ್ಕದಲ್ಲಿ ಬರೀ ಐದು ಇತ್ತು. ಸಾಲಾನೇ ಇಲ್ದೋರಿಂದ ಮೂರರ ಸಾಲ ಹೇಗೆ ಕಳೀತೀರಿ?”

ಇದನ್ನು ಟೀಚರ್ ಯೋಚಿಸಿರಲಿಲ್ಲ. ಕಣ್ಣೆತ್ತಿದರೆ ವರಾಂಡದ ತುದಿಯಲ್ಲಿ ಹೆಡ್‌ಮಿಸ್ ಕೈಕಟ್ಟಿ ನಿಂತಿದ್ದಾರೆ! ಯಾವಾಗ ಬಂದರೋ.

ಬೈದು ಕೂರಿಸಬಹುದಿತ್ತು. ಟೀಚರ್ ಹಾಗೆ ಮಾಡಲಿಲ್ಲ. “ನನಗೂ ಗೊತ್ತಿಲ್ಲ ಪುಟ್ಟಿ. ಐದರ ಮೇಲೆ ನಿಲ್ಲು, ಇಬ್ಬರೂ ನೋಡೋಣ,” ಎಂದರು.

ಹುಡುಗಿ ಐದರ ಮೇಲೆ ನಿಂತಳು. ಟೀಚರ್ ತಮ್ಮ ಹೊಲಿಗೆ ಚೀಲದಿಂದ ಐದು ಅಂಗಿ ಗುಂಡಿ ತೆಗೆದು, ಇವೇ ನಾಣ್ಯ ಎಂದು ಅವಳ ಅಂಗೈಯಲ್ಲಿಟ್ಟರು. ಸಾಲ ಇಲ್ಲ. ಇಲ್ಲದ್ದನ್ನು ಕಳೆಯಲಾಗದು. ಹಾಗಾದರೆ ಮೊದಲು ಸಾಲ ಇರಬೇಕು, ಆದರೆ ಜಾಗ ಐದೇ ಆಗಿರಬೇಕು... ತಟ್ಟನೆ ಅವರು ಮಾನಿಟರ್ ಹುಡುಗಿಯನ್ನು ಕರೆದು ಮೂರು ಗುಂಡಿ ಕೊಟ್ಟರು.

“‘ಯಾಕೆ’, ಇವಳ ಹತ್ರ ಮೂರು ಸಾಲ ತಗೋ. ಚೀಟಿ ಬರೆದು ಕೊಡು.”

ಚೀಟಿ ಬರೆದದ್ದಾಯಿತು. ಗುಂಡಿ ಕೈ ಬದಲಾದವು.

“ಈಗ ಕೈಯಲ್ಲಿ?”

“ಎಂಟು.”

“ಸಾಲ?”

“ಮೂರು.”

“ನಿನ್ನ ಜಾಗ?”

ಹುಡುಗಿ ಕಾಲ ಕೆಳಗೆ ನೋಡಿದಳು. “ಐದೇ. ಕದಲಲೇ ಇಲ್ಲ!”

“ಕದಲಲಿಲ್ಲ ಅಲ್ವಾ? ಬರೀ ಐದು ಅಂದ್ರೂ ಒಂದೇ, ಎಂಟಿದ್ದು ಮೂರು ಸಾಲ ಅಂದ್ರೂ ಒಂದೇ. ಈಗ ಆ ಸಾಲ ಕಳಿ.” ಟೀಚರ್ ತಿರುಗಿ, “ಹರಿದು ಹಾಕಮ್ಮ,” ಎಂದರು. ಮಾನಿಟರ್ ಹುಡುಗಿ ಚೀಟಿಯನ್ನು ಪರ್‍ರೆಂದು ಹರಿದಳು.

‘ಯಾಕೆ’ ತನ್ನ ಅಂಗೈಯ ಎಂಟು ಗುಂಡಿಗಳನ್ನು ನೋಡಿದಳು. ಆಮೇಲೆ ಯಾರೂ ಹೇಳದೆಯೇ ಆರು, ಏಳು, ಎಂಟು ಎಂದು ಮೂರು ಮನೆ ಬಲಕ್ಕೆ ನಡೆದು ನಿಂತಳು.

“ಓ,” ಎಂದಳು ಮೆಲ್ಲಗೆ. ಅವಳ ಬಾಯಿಂದ ಯಾಕೆ ಅಲ್ಲದ ಮಾತು ಬಂದದ್ದು ಆ ವರ್ಷದಲ್ಲೇ ಅಪರೂಪ.

ಆಮೇಲೆ ಎಲ್ಲರಿಗೂ ಗೆರೆಯ ಮೇಲೆ ನಡೆಯುವ ಆಸೆ. ಒಬ್ಬ ಋಣ ನಾಲ್ಕರ ಮೇಲೆ ನಿಂತು, ಸಾಲ ಆರು ಕಳೆಸಿಕೊಂಡು, ಸೊನ್ನೆ ದಾಟಿ ಎರಡಕ್ಕೆ ಬಂದು, “ಸಾಲಗಾರ ಸಾಹುಕಾರ ಆದೆ!” ಎಂದು ಕೈಯೆತ್ತಿ ಕುಣಿದ. ಗದ್ದಲಕ್ಕೆ ಪಕ್ಕದ ತರಗತಿಯ ಕಿಟಕಿಗಳಲ್ಲಿ ತಲೆಗಳು ಮೂಡಿದವು.

ಬೆಲ್ ಆದ ಮೇಲೆ ಹೆಡ್‌ಮಿಸ್ ಹತ್ತಿರ ಬಂದರು. ಬೈಗುಳವೇ ಗತಿ ಎಂದುಕೊಂಡು ಟೀಚರ್ ನಿಂತರು.

“ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೇನ ನನಗೂ ಇಬ್ಬರು ಮೂವರು ಕೇಳಿದ್ರು,” ಎಂದರು ಹೆಡ್‌ಮಿಸ್. “ನಾನು ಬೈದು ಕೂರಿಸಿದ್ದೆ ಕಣ್ರೀ.” ಆಮೇಲೆ, “ಮೇಷ್ಟ್ರ ಕಾಲಿನ ಪಟ್ಟಿ ಬಿಚ್ಚೋಕೆ ಇನ್ನೂ ಒಂದು ತಿಂಗಳಂತೆ. ನೀವೇ ಮುಂದುವರಿಸ್ತೀರಾ?” ಎಂದು ಕೇಳಿದರು.

“ಆಗ್ಲಿ ಮಿಸ್,” ಎಂದುಬಿಟ್ಟರು ಟೀಚರ್. ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ಬೆರಗಾಗಿ ನಕ್ಕು, ಮುಂದಿನ ಪಾಠ ಯಾವುದೆಂದು ನೋಡಲು ಶಿಕ್ಷಕರ ಕೋಣೆಯ ಕಡೆ ಹೊರಟರು.