ಭಕ್ತಿ ಪಾರ್ಕಿನ ಆಚೆ ಬದಿ

ವಿನೋದಿನಿ ಪತ್ರ ಕೊಟ್ಟು ಎರಡು ದಿನವಾಗಿತ್ತು. ಹಿತೇಶ್ ಒಂದು ಮಾತೂ ಆಡಿರಲಿಲ್ಲ.

ಫೋರ್ಟಿನ ಆ ಇನ್ಶೂರೆನ್ಸ್ ಆಫೀಸಿನಲ್ಲಿ ಅವಳು ಮೋಟಾರ್ ಕ್ಲೇಮ್ ವಿಭಾಗದ ಹಿರಿಯಳು, ಅವನು ಒಂದು ಮಹಡಿ ಮೇಲೆ ಅಕೌಂಟ್ಸ್‌ನಲ್ಲಿದ್ದ ಹುಡುಗ. ಲಿಫ್ಟಿನಲ್ಲಿ ಸಿಕ್ಕಾಗ ಕನ್ನಡದಲ್ಲೇ ನಮಸ್ಕಾರ ಹೇಳುತ್ತಿದ್ದ. ಅಷ್ಟೇ ಪರಿಚಯ. ಅಷ್ಟು ಪರಿಚಯಕ್ಕೆ ದಿನಾ ಕಾರಿನಲ್ಲಿ ಕರೆದುಕೊಂಡು ಹೋಗು ಎಂದು ಕೇಳುವುದೇ? ತಪ್ಪಾಯಿತೋ ಏನೋ ಎಂದು ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಆದರೆ ಕೇಳದೆ ದಾರಿಯಿರಲಿಲ್ಲ. ಕಳೆದ ತಿಂಗಳು, ಆಫೀಸಿನಿಂದ ಹೊರಡುವಾಗಲೇ ಕತ್ತಲಾಗಿದ್ದ ಒಂದು ಸಂಜೆ, ಆಂಟಾಪ್ ಹಿಲ್ ತಿರುವಿನಲ್ಲಿ ಎದುರಿನ ಹೆಡ್‌ಲೈಟು ಕಣ್ಣೊಳಗೆ ಹಿಟ್ಟಿನಂತೆ ಚೆಲ್ಲಿಹೋಗಿತ್ತು. ಬ್ರೇಕ್ ಒತ್ತಿದ ಮೇಲೆಯೇ ಬಾನೆಟ್ಟಿನ ಮುಂದೆ ಒಬ್ಬಳು ಹೆಂಗಸು ನಿಂತಿರುವುದು ಕಂಡದ್ದು. ಅವಳಿಗೆ ಏನೂ ಆಗಿರಲಿಲ್ಲ. ಮರಾಠಿಯಲ್ಲಿ ಚೆನ್ನಾಗಿ ಬೈದು ಹೋದಳು. ವಿನೋದಿನಿಗೆ ಮಾತ್ರ ಗೇರ್ ಹಾಕಲು ಕೈ ಬರಲಿಲ್ಲ.

ಕಣ್ಣಿನ ಡಾಕ್ಟರು ಪೊರೆ ಬೆಳೆದಿದೆ ಎಂದರು. ಶುಗರ್ ಹತೋಟಿಗೆ ಬಂದ ಮೇಲೆ ಆಪರೇಷನ್. ಹಗಲು ಕನ್ನಡಕ ಹಾಕಿಕೊಂಡು ಓಡಿಸಬಹುದು, ಕತ್ತಲಾದ ಮೇಲೆ ಸ್ಟೇರಿಂಗ್ ಮುಟ್ಟಬೇಡಿ ಎಂದರು. ಲೋಕಲ್ ರೈಲು ಹಿಡಿಯೋಣವೆಂದರೆ ಸ್ಟೇಶನ್ನಿನ ಬ್ರಿಜ್ ಹತ್ತಲು ಮೊಣಕಾಲು ಕೇಳುತ್ತಿರಲಿಲ್ಲ. ಗಂಡ ಸೀತಾರಾಮ ಮಾಟುಂಗದ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂರುವವರು. ಅವರು ಮನೆಗೆ ಬರುವಾಗ ಅವಳು ಉಂಡು ಮಲಗಿರುತ್ತಿದ್ದಳು. ಅವರಿಗೂ ಪೊರೆಯ ಸುದ್ದಿಯಷ್ಟೇ ಹೇಳಿದ್ದಳು, ತಿರುವಿನ ಸುದ್ದಿ ಹೇಳಿರಲಿಲ್ಲ. ಆಫೀಸಿನಲ್ಲಂತೂ ಯಾರಿಗೂ ಹೇಳಿರಲಿಲ್ಲ. ಕಣ್ಣು ಹೋಯಿತಂತೆ, ಇನ್ನು ಅಪಘಾತದ ಗಾಡಿಗಳ ಸರ್ವೇ ರಿಪೋರ್ಟ್ ಹೇಗೆ ನೋಡುತ್ತಾಳೆ ಎಂದು ಯಾರಾದರೂ ಅಂದಾರು ಎಂಬ ಅಂಜಿಕೆ.

ಆಫೀಸಿನ ಮೇಲ್‌ನಲ್ಲಿ ಕಳಿಸಿದರೆ ನಾಲ್ಕು ಜನ ನೋಡುತ್ತಾರೆಂದು ಕಾಗದದ ಮೇಲೆ, ಕನ್ನಡದಲ್ಲಿ ಬರೆದಿದ್ದಳು:

‘ಹಿತೇಶ್ ಅವರಿಗೆ,

ನೀವು ಚೆಂಬೂರಿನಿಂದ, ನಾನು ಆಂಟಾಪ್ ಹಿಲ್‌ನಿಂದ, ಇಬ್ಬರೂ ಒಂದೊಂದು ಕಾರಿನಲ್ಲಿ ಒಬ್ಬೊಬ್ಬರೇ ಕೂತು ಒಂದೇ ಫ್ರೀವೇ ಮೇಲೆ ಬರುತ್ತೇವೆ. ಒಟ್ಟಿಗೆ ಬಂದರೆ ಹೇಗೆ? ಕಾರು ನಿಮ್ಮದಿರಲಿ, ಪೆಟ್ರೋಲು ಒಂದು ವಾರ ನಾನು ಹಾಕಿಸುತ್ತೇನೆ, ಒಂದು ವಾರ ನೀವು. ಫ್ರೀವೇ ಮೇಲೆ ಎಲ್ಲಿಯೂ ನಿಲ್ಲಿಸುವಂತಿಲ್ಲ. ನಮ್ಮ ಕಾಲೊನಿಯ ಒಳಗೆ ಬರುವುದು ನಿಮಗೆ ಸುತ್ತು. ಆದ್ದರಿಂದ ನಾನೇ ಬಸ್ಸಿನಲ್ಲಿ ಭಕ್ತಿ ಪಾರ್ಕಿಗೆ ಬಂದು, ಮೋನೋರೈಲು ಸ್ಟೇಶನ್ನಿನ ಕೆಳಗೆ, ಬಸ್ ಸ್ಟಾಪಿನಿಂದ ಸ್ವಲ್ಪ ಮುಂದೆ ನಿಂತಿರುತ್ತೇನೆ. ನನಗೆ ತಡವಾದರೆ ಒಂದು ಫೋನ್ ಮಾಡಿ ಹೊರಟುಬಿಡಿ, ಕಾಯಬೇಡಿ. ಸಂಜೆ ಆಫೀಸಿನ ಹಿಂದಿನ ಪೇ ಅಂಡ್ ಪಾರ್ಕ್‌ನಲ್ಲಿ ಸೇರೋಣ. ಮುಂದುಗಡೆ ನಿಲ್ಲಿಸಿದರೆ ಪೊಲೀಸರು ಗಾಡಿ ಎತ್ತಿಕೊಂಡು ಹೋಗುತ್ತಾರೆ. ಸಂಜೆ ಇಳಿಯುವುದೂ ಭಕ್ತಿ ಪಾರ್ಕಿನಲ್ಲೇ. ಆಗದಿದ್ದರೆ ಆಗದು ಎಂದು ಹೇಳಿ, ನನಗೆ ಬೇಸರವಿಲ್ಲ.

ವಿನೋದಿನಿ’

ಮೂರನೆಯ ದಿನ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ವಿನೋದಿನಿಯವರಾ? ನಾನು ಹಿತೇಶನ ತಾಯಿ ಅಮ್ಮಣ್ಣಿ ಅಂತ, ಚೆಂಬೂರಿಂದ ಮಾತಾಡ್ತಿರೋದು. ತಪ್ಪು ತಿಳ್ಕೋಬೇಡಿ. ಅವನು ಇಲ್ಲೇ ಹುಟ್ಟಿ ಬೆಳೆದೋನು, ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ನಿಮ್ಮ ಕಾಗದ ಎರಡು ದಿನ ಬ್ಯಾಗಲ್ಲೇ ಇಟ್ಕೊಂಡು ಓಡಾಡಿದಾನೆ, ಓದೋಕೆ ಬರಲ್ಲ ಅಂತ ನಿಮಗೆ ಹೇಳೋಕೆ ನಾಚಿಕೆ ಅಂತೆ. ನಿನ್ನೆ ಬೆಳಿಗ್ಗೆ ನನ್ನ ಕೈಗೆ ಕೊಟ್ಟ. ನಾನು ಓದಿ ಹೇಳ್ದೆ.”

ವಿನೋದಿನಿಗೆ ನಗು ಬಂತು. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಅರ್ಧ ಇಳಿದಂತಾಯಿತು. “ಏನಂದ್ರು?” ಎಂದು ಕೇಳಿದಳು.

“ಅವನೇ ಹೇಳ್ತಾನೆ. ನನ್ನ ಕೇಳಿದ್ರೆ, ಹೂಂ ಅನ್ನಪ್ಪಾ ಅಂತೀನಿ ಅವನಿಗೆ.” ಮುದುಕಿಯ ದನಿ ತಗ್ಗಿತು. “ಒಬ್ಬನೇ ಹೋದಾಗಿನಿಂದ, ತಲುಪಿದೆ ಅಂತ ಮೆಸೇಜ್ ಬರೋವರೆಗೂ ನಂಗೆ ಕಾಫಿ ಇಳಿಯಲ್ಲ.”

ಯಾಕೆ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಸಂಜೆ ಹಿತೇಶ್ ಅವಳ ಮೇಜಿನ ಬಳಿ ಬಂದ. ಪಕ್ಕದ ಕುರ್ಚಿಯವರು ಹೊರಟು ಹೋಗಿದ್ದರು.

“ಮೇಡಂ, ಆಯ್ ಆಮ್ ಸಾರಿ, ಲೇಟ್ ಆಯ್ತು. ಬೆಳಿಗ್ಗೆ ಸ್ಪಾಟ್ ಸರಿ ಇದೆ. ಸಂಜೆ ಸ್ಪಾಟ್ ಮಾತ್ರ ಸರಿ ಇಲ್ಲ.”

“ಹೌದಾ? ಯಾಕೆ?”

“ನಿನ್ನೆ ವಾಪಸ್ ಹೋಗುವಾಗ ಅಲ್ಲಿ ಇಳಿದು ನೋಡಿದೆ. ಸಂಜೆ ಬರುವಾಗ ನಾನು ನಿಲ್ಲಿಸೋದು ಆಚೆ ಸೈಡ್. ನೀವು ಅಲ್ಲಿಂದ ರೋಡ್ ಕ್ರಾಸ್ ಮಾಡಿ ಬಸ್ ಹಿಡೀಬೇಕು. ಟ್ರಕ್ ಟರ್ಮಿನಲ್ ಕಡೆ ಹೋಗೋ ಗಾಡಿಗಳು ಎಲ್ಲಾ ಅಲ್ಲೇ ಬರ್ತಾವೆ. ಅಂಧೇರಾ ಬೇರೆ. ನಿಮಗೆ ಬೇಡ ಅದು.”

ವಿನೋದಿನಿಗೆ ಆ ರಸ್ತೆ ಕಣ್ಣ ಮುಂದೆ ಬಂತು. ಕತ್ತಲು, ಲಾರಿಗಳ ದೀಪ, ನಡುವೆ ತಾನು. ಕಾರು ಓಡಿಸುವುದನ್ನು ತಪ್ಪಿಸಿಕೊಳ್ಳುವ ಯೋಚನೆಯಲ್ಲಿ ಇದನ್ನು ಯೋಚಿಸಿಯೇ ಇರಲಿಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅನ್ನಿಸಿತು.

“ನಿಜ ಹೇಳ್ತೇನೆ ಹಿತೇಶ್, ಕತ್ತಲೆಗೆ ನನ್ನ ಕಣ್ಣು ಕಾಣುದಿಲ್ಲ,” ಎಂದು ಪೊರೆಯ ಸಂಗತಿಯನ್ನೂ ಆ ತಿರುವಿನ ಹೆಂಗಸಿನ ಸಂಗತಿಯನ್ನೂ ಹೇಳಿದಳು. “ಅದಕ್ಕೇ ಕೇಳಿದ್ದು. ಮೊದಲೇ ಹೇಳ್ಬೇಕಿತ್ತು.”

ಅವನು ಎದುರಿನ ಕುರ್ಚಿ ಎಳೆದು ಕುಳಿತ.

“ನಂದೂ ಒಂದಿದೆ ಮೇಡಂ. ಪಾಪು ಹುಟ್ಟಿದ ಮೇಲೆ ನನಗೆ ನಿದ್ದೆ ಇಲ್ಲ. ರಾತ್ರಿ ನನ್ನ ಹೆಂಡತಿ ಪ್ರಣೀತಾ ಅರ್ಧ ಎದ್ದಿರ್ತಾಳೆ, ನಾನು ಅರ್ಧ. ಹೋದ ವಾರ ಬೆಳಿಗ್ಗೆ ಫ್ರೀವೇ ಮೇಲೆ ಕಣ್ಣು ಮುಚ್ಚಿಹೋಯ್ತು. ಗೋಡೆಗೆ ಗಾಡಿ ಉಜ್ಜಿದ ಮೇಲೆ ಎಚ್ಚರ ಆಯ್ತು. ಮಿರರ್ ಹೋಯ್ತು, ಅಷ್ಟೇ. ಅಮ್ಮಂಗೆ ಮಾತ್ರ ಗೊತ್ತು.”

ವರ್ಷಗಟ್ಟಲೆ ಇಂಥ ಗಾಡಿಗಳ ಫೋಟೋ ನೋಡಿದವಳು ವಿನೋದಿನಿ. ಮಿರರ್ ಬದಲು ಇನ್ನೇನು ಹೋಗಬಹುದಿತ್ತು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಬೆಳಿಗ್ಗೆ ನನ್ನ ಕಣ್ಣು ಸರಿ ಉಂಟು,” ಅವಳು ಮೆಲ್ಲಗೆ ಹೇಳಿದಳು. “ಡಾಕ್ಟರೇ ಓಡಿಸ್ಬಹುದು ಅಂದಿದ್ದಾರೆ. ಬೆಳಿಗ್ಗೆ ನಾನು ಓಡಿಸಿದ್ರೆ?”

“ನನ್ನ ಗಾಡಿ? ಇನ್ಶೂರೆನ್ಸ್ ಪ್ರಾಬ್ಲಂ ಆಗಲ್ವಾ?”

“ನೀವು ಒಪ್ಪಿ ಕೊಟ್ರೆ, ನನ್ನ ಲೈಸೆನ್ಸ್ ಸರಿ ಇದ್ರೆ, ಏನೂ ಆಗುದಿಲ್ಲ. ದುಡ್ಡು ತಕ್ಕೊಂಡು ಬಾಡಿಗೆ ಹೊಡಿಬಾರ್ದು, ಅಷ್ಟೇ. ಇದು ನನ್ನ ಡಿಪಾರ್ಟ್‌ಮೆಂಟು ಮಾರಾಯ್ರೆ.”

ಅವನು ನಕ್ಕ. ಆದರೆ ಚೆಂಬೂರಿನಿಂದ ಭಕ್ತಿ ಪಾರ್ಕಿನವರೆಗೆ ಅವನೇ ಓಡಿಸಬೇಕಲ್ಲ ಎಂದು ಅವಳಿಗೆ ಹೊಳೆಯಿತು. ಕೇಳಿದಳು. ಅದಕ್ಕೂ ಮಾತಾಯಿತು. ರಾತ್ರಿ ಮಗು ಬಿಡದೆ ಅತ್ತಿದ್ದರೆ ಅವನು ಗಾಡಿ ತೆಗೆಯುವಂತಿಲ್ಲ. ಬೆಳಿಗ್ಗೆ ಅಮ್ಮಣ್ಣಿ ಫೋನ್ ಮಾಡಬೇಕು, ಆ ದಿನ ಇಬ್ಬರೂ ಟ್ಯಾಕ್ಸಿಯಲ್ಲಿ. ಸಂಜೆ ಅವನೇ ಕಾಲೊನಿಯ ಒಳಗೆ, ಅವಳ ಬಿಲ್ಡಿಂಗಿನ ಗೇಟಿನ ತನಕ.

“ಸುತ್ತಾಗುದಿಲ್ವಾ ನಿಮಗೆ?”

“ಆಗುತ್ತೆ. ಆಗಲಿ.”

ಆ ರಾತ್ರಿ ಸೀತಾರಾಮರು ಬರುವ ತನಕ ಅವಳು ಎಚ್ಚರವಾಗಿದ್ದು ತಿರುವಿನ ಕಥೆಯನ್ನೂ ಹೇಳಿದಳು. ಅವರು ಚಪ್ಪಲಿ ಬಿಡುವುದನ್ನೂ ಮರೆತು ಕೇಳಿ, “ಆ ಹುಡುಗನನ್ನು ಒಂದು ಸಲ ಊಟಕ್ಕೆ ಕರಿ,” ಎಂದರು.

ಸೋಮವಾರ ಮೋನೋ ಸ್ಟೇಶನ್ನಿನ ಕೆಳಗೆ ಹಿತೇಶನ ಕಾರು ಬಂದು ನಿಂತಿತು. ಅವನು ಇಳಿದು ಕೀಲಿ ಕೊಟ್ಟ. ವಿನೋದಿನಿ ಸೀಟು ಮುಂದೆ ಎಳೆದುಕೊಂಡಳು, ಹೊಸ ಮಿರರ್ ಸರಿಮಾಡಿಕೊಂಡಳು. ಫ್ರೀವೇ ಹತ್ತುವುದರೊಳಗೆ ಅವನು ಬೆಲ್ಟ್ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಿದ್ದ. ಎಡಕ್ಕೆ ಉಪ್ಪಿನ ಗದ್ದೆಗಳು, ಮುಂದೆ ತೆರವಾದ ರಸ್ತೆ. ಫೋರ್ಟಿನಲ್ಲಿ ಗಾಡಿ ನಿಲ್ಲಿಸಿದ ಮೇಲೂ ಅವಳು ಅವನನ್ನು ತಕ್ಷಣ ಎಬ್ಬಿಸಲಿಲ್ಲ. ಅವನು ಎದ್ದು ಮೆಸೇಜ್ ಕಳಿಸುವ ತನಕ ಕಾಯುವುದು ಬೇಡವೆಂದು ತನ್ನ ಫೋನಿನಿಂದಲೇ ಅಮ್ಮಣ್ಣಿಗೆ ಬರೆದಳು: ತಲುಪಿದೆವು. ಕಾಫಿ ಕುಡಿಯಿರಿ.